ಅಡಿಕೆ ಸುಲಿಯುವ ಮೆಷಿನ್ ಪ್ರಕರಣ: ಜಿಲ್ಲಾ ಗ್ರಾಹಕ ಆಯೋಗದ ಆದೇಶದ ಸಾರಾಂಶ

(ನಮ್ಮ ಬೆಳೆಗಾರರ ಗುಂಪಿನ ಸದಸ್ಯರಿಗಾಗಿ)

ದೂರು

ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ರೈತರು ಶಿವಮೊಗ್ಗದ ಅಂಗಡಿಯಿಂದ 1,42,000 ರೂಪಾಯಿಗೆ ಹಸಿ ಅಡಿಕೆ ಸುಲಿಯುವ ಮೆಷಿನ್ ತಂದರು. ಗ್ಯಾರಂಟಿ ಒಂದು ವರ್ಷ. ಮೊದಲ ಕೊಯ್ಲಿನಲ್ಲೇ ಸಿಪ್ಪೆಯ ಜೊತೆ ಅಡಿಕೆಯೂ ಹೋಳಾಗತೊಡಗಿತು. ಅಂಗಡಿಯವರು ಮೂರು ಸಲ ರಿಪೇರಿ ಮಾಡಿದರು, ಸರಿಹೋಗಲಿಲ್ಲ. ಕೊಯ್ದ ಅಡಿಕೆ ಕಾಯುವುದಿಲ್ಲ, ಅಲ್ವಾ? ಆಳು ಕರೆದು ಕೈಯಲ್ಲೇ ಸುಲಿಸಿದರು. ಮೆಷಿನ್ ಹಣ, ಸುಲಿಗೆ ಕೂಲಿ, ಬೆಳೆ ನಷ್ಟಕ್ಕೆಂದು 1,80,000, ಇಷ್ಟನ್ನು ಕೇಳಿದ್ದರು.

ಎದುರುದಾರರ ವಾದ

ಅಂಗಡಿಯವರು ಹೇಳಿದ್ದು: ಇದು ವ್ಯಾಪಾರಕ್ಕೆ ಕೊಂಡ ಮೆಷಿನ್, ಅಕ್ಕಪಕ್ಕದವರಿಗೂ ಬಾಡಿಗೆಗೆ ಸುಲಿದುಕೊಟ್ಟಿದ್ದಾರೆ, ಹಾಗಾಗಿ ಅವರು ಗ್ರಾಹಕರೇ ಅಲ್ಲ. ತೊಂದರೆಗೆ ಕಾರಣ ಹಳ್ಳಿಯ ಲೋ ವೋಲ್ಟೇಜ್. ಲ್ಯಾಬ್ ವರದಿಯೂ ಇಲ್ಲ. ತಯಾರಿಕಾ ಕಂಪನಿ ನೋಟಿಸ್ ತಲುಪಿದರೂ ಹಾಜರಾಗಲಿಲ್ಲ.

ಆಯೋಗ ಕಂಡುಕೊಂಡದ್ದು

ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವ ವಸ್ತುವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(7) ವ್ಯಾಪಾರದ ಉದ್ದೇಶ ಎಂದು ಎಣಿಸುವುದಿಲ್ಲ. ಪಹಣಿಯಲ್ಲಿರುವುದು ಎರಡೂವರೆ ಎಕರೆ ತೋಟ. ಬಾಡಿಗೆಗೆ ಸುಲಿದರು ಎನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಆದ್ದರಿಂದ ಅವರು ಗ್ರಾಹಕರೇ.

ವೋಲ್ಟೇಜ್ ವಾದವನ್ನು ಬೀಳಿಸಿದ್ದು ಅಂಗಡಿಯವರದೇ ಸರ್ವಿಸ್ ಚೀಟಿಗಳು. ಮೂರರಲ್ಲೂ ಮೆಕ್ಯಾನಿಕ್ ಬರೆದದ್ದು ಒಂದೇ ಮಾತು: ‘ರೋಲರ್ ಗ್ಯಾಪ್ ನಿಲ್ಲುತ್ತಿಲ್ಲ, ಬೆಲ್ಟ್ ಬದಲಾಯಿಸಿದೆ.’ ಕರೆಂಟಿನ ಸುದ್ದಿಯೇ ಇಲ್ಲ. ದೋಷ ಚೀಟಿಯಲ್ಲೇ ಕಾಣುವಾಗ ಲ್ಯಾಬ್ ಪರೀಕ್ಷೆ ಬೇಕಿಲ್ಲ ಎಂದು ಆಯೋಗ ಹೇಳಿದೆ. ಆ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡದ್ದೇ ಈ ರೈತರನ್ನು ಗೆಲ್ಲಿಸಿತು ಎನ್ನುವುದು ನನ್ನ ಅನಿಸಿಕೆ.

ಕೂಲಿಗೂ ದಾಖಲೆ ಇತ್ತು. ಡಬ್ಬದ ಲೆಕ್ಕ ಬರೆದು ಸುಲಿಗೆಯವರ ಸಹಿ ಹಾಕಿಸಿದ್ದ ಪುಸ್ತಕವನ್ನು ಆಯೋಗ ಒಪ್ಪಿತು. ಬೆಳೆ ನಷ್ಟದ ಬೇಡಿಕೆ ಮಾತ್ರ ಪೂರ್ತಿ ಬಿದ್ದುಹೋಯಿತು. ಹೋಳು ಅಡಿಕೆ ಎಷ್ಟು, ಯಾವ ದರಕ್ಕೆ ಹೋಯಿತು ಎಂಬುದಕ್ಕೆ ಮಂಡಿಯ ಪಟ್ಟಿ ಕೊಟ್ಟಿರಲಿಲ್ಲ. ಅಷ್ಟು ದೊಡ್ಡ ನಷ್ಟ ಕಾಗದವಿಲ್ಲದೆ ಹೋಯಿತಲ್ಲ ಎಂದು ನಿಜಕ್ಕೂ ಬೇಜಾರಾಗುತ್ತದೆ.

ಪರಿಹಾರ

ಮೆಷಿನ್ ಬೆಲೆ 1,42,000, ಅದಕ್ಕೆ ದೂರು ಕೊಟ್ಟ ದಿನದಿಂದ ವರ್ಷಕ್ಕೆ ಶೇ. 9 ಬಡ್ಡಿ. ಸುಲಿಗೆ ಕೂಲಿ 18,400. ಮಾನಸಿಕ ಹಿಂಸೆಗೆ 20,000. ಪ್ರಕರಣದ ಖರ್ಚು 5,000. ಬಡ್ಡಿ ಬಿಟ್ಟು ಒಟ್ಟು 1,85,400 ರೂಪಾಯಿ. ಅಂಗಡಿ ಮತ್ತು ಕಂಪನಿ ಎರಡೂ ಇದಕ್ಕೆ ಹೊಣೆ. ಪೂರ್ತಿ ಹಣವನ್ನು ಯಾರಿಂದ ಬೇಕಾದರೂ ವಸೂಲಿ ಮಾಡಬಹುದು. ಗಡುವು 45 ದಿನ. ಹಣ ಕೊಟ್ಟ ಮೇಲೆ ಅಂಗಡಿಯವರೇ ತಮ್ಮ ಖರ್ಚಿನಲ್ಲಿ ಮೆಷಿನ್ ಒಯ್ಯಬೇಕು.

ಎದುರುದಾರರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು ಇರುವ ಅವಧಿಯೂ 45 ದಿನ, ಆದರೆ ಆದೇಶದ ಅರ್ಧ ಹಣವನ್ನು ಮೊದಲೇ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ರೈತರು ಇದೇ ಜಿಲ್ಲಾ ಆಯೋಗದಲ್ಲಿ ಕಲಂ 71ರಡಿ ವಸೂಲಿಗೆ, ಕಲಂ 72ರಡಿ ಶಿಕ್ಷೆಗೆ ಅರ್ಜಿ ಹಾಕಬಹುದು.