ಕತ್ತಲಾದ ಮೆಟ್ಟಿಲುಗಳು ಹಾಗೂ ತೆರೆದುಬಿದ್ದ ವೈರಿಂಗ್‌ನ ತುರ್ತು ದುರಸ್ತಿ ಕೋರಿ ನಿವಾಸಿಗಳ ಸೂಚನಾ ಪತ್ರ

ದಿನಾಂಕ: 16 ಜೂನ್ 2025
ಸ್ಥಳ: ಬೆಂಗಳೂರು

ಇಂದ:
ಬಿ ಬ್ಲಾಕ್‌ನ ನಿವಾಸಿಗಳು (ಮಾಲೀಕರು ಮತ್ತು ಬಾಡಿಗೆದಾರರು)

ಇವರಿಗೆ:
ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ವಸತಿ ಸಮುಚ್ಚಯದ ನಿರ್ವಹಣಾ ಸಮಿತಿ

ವಿಷಯ: ಬಿ ಬ್ಲಾಕ್‌ನ ಎರಡೂ ಮೆಟ್ಟಿಲುಗಳ ದೀಪ ವ್ಯವಸ್ಥೆ ಮತ್ತು ಸಾಮಾನ್ಯ ಜಾಗಗಳ ವೈರಿಂಗ್ ದುರಸ್ತಿ ಕುರಿತು.

ಉಲ್ಲೇಖ: ದೂರು ಪುಸ್ತಕದಲ್ಲಿ 24 ಏಪ್ರಿಲ್ ಮತ್ತು 19 ಮೇ 2025ರಂದು ದಾಖಲಾದ ನಮ್ಮ ದೂರುಗಳು.

ಮಾನ್ಯರೇ,

ಉಲ್ಲೇಖಿತ ಎರಡೂ ದೂರುಗಳಿಗೆ ಈವರೆಗೆ ಲಿಖಿತ ಉತ್ತರ ಬಂದಿಲ್ಲ. ‘ಕೊಟೇಶನ್ ಕೇಳಿದ್ದೇವೆ’, ‘ವಾರ್ಷಿಕ ಸಭೆಯಲ್ಲಿ ಇಡುತ್ತೇವೆ’ ಎಂಬ ಬಾಯಿಮಾತಿನ ಭರವಸೆ ಮಾತ್ರ ದೊರೆತಿದೆ. ಅಷ್ಟರಲ್ಲಿ ಮಳೆಗಾಲ ಶುರುವಾಗಿರುವುದರಿಂದ, ನಿನ್ನೆ ಸಂಜೆ ಸೇರಿ ಚರ್ಚಿಸಿದ ನಾವು ಈ ಪತ್ರವನ್ನು ಒಮ್ಮತದಿಂದ ಸಲ್ಲಿಸುತ್ತಿದ್ದೇವೆ.

ಮೊದಲಿಗೆ ಈಗಿನ ಸ್ಥಿತಿ. ಮುಂಭಾಗದ ಮೆಟ್ಟಿಲಿನಲ್ಲಿ ಎರಡನೆಯ ಮಹಡಿಯಿಂದ ಮೇಲೆ ಒಂದು ದೀಪವೂ ಉರಿಯುತ್ತಿಲ್ಲ. ಹಿಂಭಾಗದ ಮೆಟ್ಟಿಲು ನೆಲಮಹಡಿಯಿಂದ ತಾರಸಿಯವರೆಗೆ ಪೂರ್ತಿ ಕತ್ತಲು. ಹಗಲಿನಲ್ಲೂ ಅಲ್ಲಿ ಬೆಳಕು ಬರುವುದು ಲ್ಯಾಂಡಿಂಗ್‌ನ ಸಣ್ಣ ಜಾಲಂಧ್ರಗಳಿಂದ ಮಾತ್ರವಾದ್ದರಿಂದ, ಮೋಡ ಕವಿದ ದಿನ ಮಧ್ಯಾಹ್ನವೇ ಮೊಬೈಲ್ ಟಾರ್ಚ್ ಹಿಡಿದು ಇಳಿಯಬೇಕಾಗುತ್ತದೆ. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ತರಕಾರಿ ಚೀಲವಿದ್ದರೆ ಕಂಬಿ ಹಿಡಿಯಲು ಕೈ ಉಳಿಯುವುದಿಲ್ಲ. ಮೇ ಕೊನೆಯ ವಾರ ಕರೆಂಟ್ ಹೋಗಿ ಲಿಫ್ಟ್ ನಿಂತಿದ್ದಾಗ, ಮೂರನೆಯ ಮಹಡಿಯ ಹಿರಿಯರೊಬ್ಬರು ಕೊನೆಯ ಮೆಟ್ಟಿಲು ಮುಗಿಯಿತೆಂದು ತಿಳಿದು ಕಾಲಿಟ್ಟು ಬಿದ್ದು, ಮಣಿಕಟ್ಟು ಮುರಿದುಕೊಂಡು ಇನ್ನೂ ಪ್ಲಾಸ್ಟರ್‌ನಲ್ಲಿದ್ದಾರೆ. ಲಿಫ್ಟ್ ಇದೆಯಲ್ಲ ಎಂಬ ಉತ್ತರ ಇಲ್ಲಿ ಸಲ್ಲುವುದಿಲ್ಲ; ಕರೆಂಟ್ ಹೋದಾಗ ಅಥವಾ ಬೆಂಕಿ ಬಿದ್ದಾಗ ಜನರಿಗೆ ಉಳಿಯುವುದು ಮೆಟ್ಟಿಲೊಂದೇ, ಬೆಂಕಿಯ ಸಂದರ್ಭದಲ್ಲಂತೂ ಲಿಫ್ಟ್ ಬಳಸಲೇಬಾರದು.

ಇನ್ನು ವೈರಿಂಗ್ ವಿಚಾರ ಇದಕ್ಕಿಂತ ಗಂಭೀರವಾದುದು. ನೆಲಮಹಡಿಯಲ್ಲಿ ಹಿಂಭಾಗದ ಮೆಟ್ಟಿಲ ಕೆಳಗಿರುವ ಡಿಬಿ ಬಾಕ್ಸ್‌ಗೆ ಮುಚ್ಚಳವಿಲ್ಲ. ಅದರಿಂದ ಹೊರಬಂದ ಕೆಂಪು ವೈರಿನ ಜಾಯಿಂಟ್‌ಗೆ ಸುತ್ತಿದ್ದ ಟೇಪ್ ಬಿಸಿಗೆ ಅಂಟು ಬಿಟ್ಟು ಸುರುಳಿಯಾಗಿ ನೇತಾಡುತ್ತಿದ್ದು, ಎರಡು ಬೆರಳಿನಷ್ಟು ಉದ್ದ ತಾಮ್ರ ಬರಿದಾಗಿ ಕಾಣುತ್ತದೆ. ನೆಲದಿಂದ ಅದರ ಎತ್ತರ ಸುಮಾರು ಮೂರು ಅಡಿ, ಅಂದರೆ ಐದಾರು ವರ್ಷದ ಮಗುವಿನ ಕೈಗೆಟಕುವಷ್ಟು. ಮಕ್ಕಳ ಚೆಂಡು ಉರುಳಿ ಬಂದು ನಿಲ್ಲುವುದೂ ಅದೇ ಮೂಲೆಯಲ್ಲಿ. ಮೇಲಿನ ಡ್ರೈನೇಜ್ ಪೈಪ್ ಸೋರಿ ಗೋಡೆ ಸದಾ ಒದ್ದೆಯಾಗಿರುತ್ತದೆ. ಈ ಅಪಾಯಕ್ಕೆ ಈವರೆಗೆ ಆಗಿರುವ ಏಕೈಕ ಕ್ರಮವೆಂದರೆ, ಯಾರೋ ಪುಣ್ಯಾತ್ಮರು ರಟ್ಟಿನ ತುಂಡಿನ ಮೇಲೆ ‘ಮುಟ್ಟಬೇಡಿ’ ಎಂದು ಬರೆದು ಅದೇ ವೈರಿಗೆ ನೇತುಹಾಕಿರುವುದು. ಎರಡನೆಯ ಮಹಡಿಯ ಶಾಫ್ಟ್‌ನಲ್ಲಿ ಇಂಟರ್‌ನೆಟ್ ಕೇಬಲ್‌ಗಳು ಮತ್ತು ವಿದ್ಯುತ್ ವೈರ್‌ಗಳು ಪೈಪಿಲ್ಲದೆ ಒಂದೇ ಗಂಟಾಗಿ ಬಿದ್ದಿವೆ. ಅದರ ಬಾಗಿಲಿಗೆ ಚಿಲಕವೂ ಇಲ್ಲ.

ಇವೆರಡನ್ನೂ ಬೇರೆ ಬೇರೆ ದೂರುಗಳೆಂದು ದಯವಿಟ್ಟು ಪರಿಗಣಿಸಬಾರದು. ಏಪ್ರಿಲ್ ಕೊನೆಯಲ್ಲಿ ಸಮಿತಿ ಕಳುಹಿಸಿದ ಎಲೆಕ್ಟ್ರೀಷಿಯನ್, ಎಂಸಿಬಿ ಮೇಲಿಂದ ಮೇಲೆ ಟ್ರಿಪ್ ಆಗುತ್ತಿರುವುದನ್ನು ಕಂಡು, ದೋಷ ಎಲ್ಲಿದೆಯೆಂದು ಹುಡುಕದೆ, ಹಿಂಭಾಗದ ಮೆಟ್ಟಿಲ ಲೈನನ್ನೇ ಕಳಚಿಟ್ಟು ಹೋದರು. ಅಂದಿನಿಂದ ಆ ಮೆಟ್ಟಿಲು ಕತ್ತಲಾಗಿದೆ. ಆದರೆ ಬಾಕ್ಸ್‌ಗೆ ಬರುವ ಲೈನಿನಲ್ಲಿ ಈಗಲೂ ಕರೆಂಟ್ ಇದೆ; ಎಲೆಕ್ಟ್ರಿಕಲ್ ಕೆಲಸ ಬಲ್ಲ ನಿವಾಸಿಯೊಬ್ಬರು ಕಳೆದ ಶನಿವಾರ ಬರಿದಾದ ಜಾಯಿಂಟ್‌ಗೆ ಟೆಸ್ಟರ್ ಇಟ್ಟಾಗ ಅದು ಉರಿಯಿತು. ಹೀಗಿರುವಾಗ ಬಲ್ಬ್ ಬದಲಿಸಿ ಲೈನ್ ಮತ್ತೆ ಜೋಡಿಸಿದರೆ ದೋಷ ಹಾಗೆಯೇ ಉಳಿದು, ಒದ್ದೆ ಗೋಡೆಯ ಮೂಲಕವೇ ಕರೆಂಟ್ ಹರಿಯುವ ಸಂಭವವಿದೆ. ಎಂಸಿಬಿ ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ಗೆ ಬೀಳುತ್ತದೆಯೇ ಹೊರತು, ಮನುಷ್ಯನ ಮೈಯಲ್ಲಿ ಹರಿಯುವಷ್ಟು ಸಣ್ಣ ಪ್ರಮಾಣದ ಕರೆಂಟಿಗೆ ಬೀಳುವುದಿಲ್ಲ. ಅದಕ್ಕೆ ಬೇಕಾದ 30 ಮಿಲಿಆಂಪಿಯರ್ ಆರ್‌ಸಿಸಿಬಿ ನಮ್ಮ ಸಾಮಾನ್ಯ ಲೈನಿನಲ್ಲಿ ಇಲ್ಲವೇ ಇಲ್ಲ.

ಇದು ಬೆಸ್ಕಾಂ ಕೆಲಸವೆಂದು ಕಚೇರಿಯ ಸಿಬ್ಬಂದಿ ಒಮ್ಮೆ ಹೇಳಿದ್ದರಿಂದ ಸ್ಪಷ್ಟಪಡಿಸುತ್ತಿದ್ದೇವೆ: ಮೀಟರ್‌ನಿಂದ ಈಚೆಗಿನ ವೈರಿಂಗ್‌ನ ಹೊಣೆ ಗ್ರಾಹಕರದು, ಸಾಮಾನ್ಯ ಮೀಟರ್‌ನ ಮಟ್ಟಿಗೆ ಆ ಗ್ರಾಹಕ ಸಮಿತಿಯೇ. ಮೆಟ್ಟಿಲು, ಮೊಗಸಾಲೆ, ಪ್ರವೇಶ ಮತ್ತು ನಿರ್ಗಮನ ದ್ವಾರಗಳನ್ನೂ ವಿದ್ಯುತ್ ಮತ್ತು ದೀಪಗಳಂಥ ಸಾಮಾನ್ಯ ಸೇವೆಗಳ ಅಳವಡಿಕೆಗಳನ್ನೂ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಸಾಮಾನ್ಯ ಪ್ರದೇಶ ಮತ್ತು ಸೌಲಭ್ಯಗಳ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಪ್ರಾಣಾಪಾಯವಿರುವ ದುರಸ್ತಿಗೆ ವಾರ್ಷಿಕ ಸಭೆಯ ಒಪ್ಪಿಗೆಗಾಗಿ ಕಾಯುವುದು ನಮಗೆ ಸರಿಯೆನಿಸುವುದಿಲ್ಲ. ಖರ್ಚನ್ನು ಆಮೇಲೆ ಸಭೆಯ ಮುಂದಿಟ್ಟರೂ ನಡೆಯುತ್ತದೆ.

ಆದ್ದರಿಂದ ಈ ಪತ್ರ ತಲುಪಿದ 24 ಗಂಟೆಯೊಳಗೆ ಬರಿದಾದ ಜಾಯಿಂಟ್‌ಗೆ ಬರುವ ವಿದ್ಯುತ್ತನ್ನು ಮುಖ್ಯ ಬೋರ್ಡಿನಲ್ಲಿಯೇ ಕಡಿತಗೊಳಿಸಿ, ಡಿಬಿ ಬಾಕ್ಸ್‌ಗೆ ಮುಚ್ಚಳ, ಶಾಫ್ಟ್‌ಗೆ ಬೀಗ ಹಾಕಿಸಬೇಕೆಂದು ಕೋರುತ್ತೇವೆ. ಅದೇ ದಿನ ಸಂಜೆಯೊಳಗೆ ಎರಡೂ ಮೆಟ್ಟಿಲುಗಳ ಪ್ರತಿ ಲ್ಯಾಂಡಿಂಗ್‌ನಲ್ಲಿ ಚಾರ್ಜ್ ಆಗುವ ಬ್ಯಾಟರಿ ದೀಪಗಳನ್ನು ತಾತ್ಕಾಲಿಕವಾಗಿ ಇಡಿಸಬೇಕು. ಅವುಗಳನ್ನು ಚಾರ್ಜ್ ಮಾಡಿಕೊಡಲು ಆಯಾ ಮಹಡಿಯ ಮನೆಯವರು ಒಪ್ಪಿದ್ದಾರೆ. ನಂತರದ ಹತ್ತು ದಿನಗಳಲ್ಲಿ, ಅಂದರೆ ಜೂನ್ 27ರೊಳಗೆ, ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಇಡೀ ಸಾಮಾನ್ಯ ಲೈನಿನ ಇನ್ಸುಲೇಶನ್ ಮತ್ತು ಅರ್ಥಿಂಗ್ ಪರೀಕ್ಷೆ ಮಾಡಿಸಿ, ಕೆಟ್ಟ ವೈರ್‌ಗಳನ್ನು ತೆಗೆದು ಹೊಸದನ್ನು ಪೈಪಿನೊಳಗೆ ಎಳೆಸಿ, ಆರ್‌ಸಿಸಿಬಿ ಅಳವಡಿಸಿ, ಆ ಬಳಿಕವಷ್ಟೇ ದೀಪಗಳಿಗೆ ಸಂಪರ್ಕ ಕೊಡಿಸಬೇಕು. ಪೈಪ್ ಸೋರಿಕೆಯನ್ನು ಇದಕ್ಕೂ ಮೊದಲೇ ನಿಲ್ಲಿಸದಿದ್ದರೆ ಹೊಸ ವೈರಿಂಗ್‌ಗೂ ಹಳೆಯದರ ಗತಿಯೇ ಆದೀತು. ಪರೀಕ್ಷಾ ವರದಿಯ ಪ್ರತಿಯನ್ನು ಸೂಚನಾ ಫಲಕದಲ್ಲಿ ಹಾಕಿಸಬೇಕು.

ನಿರ್ವಹಣಾ ನಿಧಿ ಸಾಲದಿದ್ದಲ್ಲಿ, ಎರಡು ಕೊಟೇಶನ್‌ಗಳನ್ನು ತೋರಿಸಿದರೆ ಕೊರತೆಯನ್ನು ಮನೆಗಳ ಲೆಕ್ಕದಲ್ಲಿ ಹಂಚಿಕೊಳ್ಳಲು ಬಿ ಬ್ಲಾಕ್‌ನ ಮಾಲೀಕರು ಸಿದ್ಧರಿದ್ದಾರೆ. ಮಾಸಿಕ ಶುಲ್ಕ ತಡೆಹಿಡಿಯಬೇಕೆಂಬ ಸಲಹೆಯೂ ನಮ್ಮ ಸಭೆಯಲ್ಲಿ ಬಂದಿತ್ತು. ಕಾವಲುಗಾರರ ಮತ್ತು ಸ್ವಚ್ಛತಾ ಸಿಬ್ಬಂದಿಯ ಸಂಬಳ ಅದೇ ಹಣದಿಂದ ಹೋಗುವುದರಿಂದ ಅದನ್ನು ಕೈಬಿಟ್ಟೆವು. ಆದರೆ ಮೊದಲ 24 ಗಂಟೆಯ ಕೆಲಸ ಆಗದಿದ್ದರೆ, ಲಗತ್ತಿಸಿದ ಛಾಯಾಚಿತ್ರಗಳೊಂದಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೆ ದೂರು ಸಲ್ಲಿಸುವುದು ನಮಗೆ ಅನಿವಾರ್ಯವಾಗುತ್ತದೆ.

ಕೆಲಸದ ದಿನಾಂಕಗಳನ್ನೂ ಮೇಲ್ವಿಚಾರಣೆ ವಹಿಸಿಕೊಳ್ಳುವ ಸಮಿತಿ ಸದಸ್ಯರ ಹೆಸರನ್ನೂ ಜೂನ್ 18ರ ಸಂಜೆಯೊಳಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ. ಗುತ್ತಿಗೆದಾರರು ಬಂದಾಗ ಜೊತೆಗಿದ್ದು ದೋಷದ ಜಾಗಗಳನ್ನು ತೋರಿಸಲು ಬಿ-102 ಮತ್ತು ಬಿ-304ರ ನಿವಾಸಿಗಳು ಲಭ್ಯರಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಬಿ ಬ್ಲಾಕ್‌ನ 20 ಮನೆಗಳ ಪೈಕಿ 17 ಮನೆಗಳ ನಿವಾಸಿಗಳು
(ಮನೆ ಸಂಖ್ಯೆ ಸಹಿತ ಸಹಿಗಳು ಪ್ರತ್ಯೇಕ ಹಾಳೆಯಲ್ಲಿವೆ)

ಲಗತ್ತುಗಳು: ಸಹಿಗಳ ಹಾಳೆ, ಡಿಬಿ ಬಾಕ್ಸ್, ಶಾಫ್ಟ್ ಮತ್ತು ಒದ್ದೆ ಗೋಡೆಯ ಆರು ಛಾಯಾಚಿತ್ರಗಳು, ದೂರು ಪುಸ್ತಕದ ಎರಡು ಪುಟಗಳ ಜೆರಾಕ್ಸ್ ಪ್ರತಿ.

ಪ್ರತಿ: ಬಿ ಬ್ಲಾಕ್ ಸೂಚನಾ ಫಲಕಕ್ಕೆ.