ಸಪೋರ್ಟ್ ಎಂಜಿನಿಯರ್ ರೆಸ್ಯೂಮೆ: ಜಾಹೀರಾತಿಗೆ ಹೊಂದುವಂತೆ ತಿದ್ದಿದ ಒಂದು ಮಾದರಿ

ಬದಿಯಡ್ಕ ಕಡೆಯ ಯುವತಿಯೊಬ್ಬರು ಕಾಸರಗೋಡು ಪೇಟೆಯಲ್ಲಿ, ಸಹಕಾರ ಸಂಘಗಳಿಗೂ ಅಂಗಡಿಗಳಿಗೂ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ ಸಣ್ಣ ಕಂಪನಿಯೊಂದರಲ್ಲಿ ಮೂರು ವರ್ಷಗಳಿಂದ ಸಪೋರ್ಟ್ ಎಂಜಿನಿಯರ್ ಆಗಿದ್ದಾರೆ. ಆಸ್ಪತ್ರೆ ಸಾಫ್ಟ್‌ವೇರಿನ ಸಪೋರ್ಟ್ ಕೆಲಸಕ್ಕೆ ಮಂಗಳೂರಿನ ಕಂಪನಿಯೊಂದು ಕೊಟ್ಟ ಜಾಹೀರಾತು ಒಂಬತ್ತು ಅಂಶಗಳನ್ನು ಕೇಳಿದೆ: ಟ್ರಬಲ್‌ಶೂಟಿಂಗ್, ಲಿನಕ್ಸ್, ಎಸ್‌ಕ್ಯುಎಲ್, ಟಿಕೆಟ್ ನಿರ್ವಹಣೆ, ಎಸ್‌ಎಲ್‌ಎ ಪಾಲನೆ, ರೂಟ್ ಕಾಸ್ ಅನಾಲಿಸಿಸ್, ನಾಲೆಡ್ಜ್ ಬೇಸ್ ಬರವಣಿಗೆ, ಎಡಬ್ಲ್ಯುಎಸ್, ಕನ್ನಡ ಮತ್ತು ಮಲಯಾಳದಲ್ಲಿ ಮಾತುಕತೆ. ಇವರ ಹಳೆಯ ರೆಸ್ಯೂಮೆಯಲ್ಲಿ ಕಾಣಿಸುತ್ತಿದ್ದುದು ಲಿನಕ್ಸ್ ಮತ್ತು ಎಸ್‌ಕ್ಯುಎಲ್ ಎರಡೇ, ಅವೂ ಕೌಶಲಗಳ ಪಟ್ಟಿಯಲ್ಲಿ ಬರೀ ಹೆಸರುಗಳಾಗಿ. ಅರ್ಜಿಗಳನ್ನು ಮೊದಲು ಸೋಸುವವರು ಜಾಹೀರಾತಿನ ಪದಗಳನ್ನೇ ಹುಡುಕುವುದರಿಂದ, ಮಾಡಿದ ಕೆಲಸವನ್ನೂ ಬೇರೆ ಹೆಸರಿನಲ್ಲಿ ಬರೆದರೆ ಅದು ಲೆಕ್ಕಕ್ಕೆ ಬಾರದೆ ಹೋಗಬಹುದು. ಹಾಗೆಂದು, ಮಾಡದ ಕೆಲಸಕ್ಕೆ ಆ ಹೆಸರನ್ನು ಅಂಟಿಸಲಾಗದು. ಆದ್ದರಿಂದ ಪ್ರತಿಯೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿದೆವು: ಸಂದರ್ಶನದಲ್ಲಿ ಇದರ ಬಗ್ಗೆ ಐದು ನಿಮಿಷ, ನಡೆದದ್ದನ್ನು ನಡೆದಂತೆಯೇ ಹೇಳಲು ಸಾಧ್ಯವೇ?

ರೆಸ್ಯೂಮೆ ಇಂಗ್ಲಿಷಿನಲ್ಲಿದೆ, ಸಾಲುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ಮೊದಲು: ಗ್ರಾಹಕರ ಕರೆಗಳನ್ನು ಸ್ವೀಕರಿಸಿ ಸಮಸ್ಯೆಗಳನ್ನು ನೋಡಿಕೊಳ್ಳುತ್ತಿದ್ದೆ.

ನಂತರ: ಬಿಲ್ಲಿಂಗ್ ಸಾಫ್ಟ್‌ವೇರಿನ ದೋಷಗಳ ಟ್ರಬಲ್‌ಶೂಟಿಂಗ್ ಮಾಡಿ, ಫ್ರೆಶ್‌ಡೆಸ್ಕ್‌ನಲ್ಲಿ ದಿನಕ್ಕೆ 20ರಿಂದ 25 ಟಿಕೆಟ್‌ಗಳನ್ನು ನಿರ್ವಹಿಸುತ್ತಿದ್ದೇನೆ, ಲಿನಕ್ಸ್ ಸರ್ವರಿನ ಲಾಗ್‌ಗಳನ್ನು grep ಮತ್ತು tail ಬಳಸಿ ಪರಿಶೀಲಿಸುತ್ತೇನೆ.

ಅಂಕಿಯನ್ನು ಅಂದಾಜಿನಿಂದಲ್ಲ, ಟಿಕೆಟ್‌ಗಳನ್ನು ದಾಖಲಿಸುವ ಫ್ರೆಶ್‌ಡೆಸ್ಕ್ ಸಾಫ್ಟ್‌ವೇರಿನ ವರದಿಯಿಂದಲೇ ತೆಗೆದುಕೊಂಡಿದೆ.

ಹೆಚ್ಚು ಹೊತ್ತು ಹಿಡಿದದ್ದು ರೂಟ್ ಕಾಸ್ ಅನಾಲಿಸಿಸ್, ಅಂದರೆ ದೋಷದ ಮೂಲ ಕಾರಣ ಹುಡುಕುವ ಕೆಲಸದ ಸಾಲು. ಮೊದಲು ಅಲ್ಲಿ ‘ಬಿಲ್ ಎರಡು ಸಲ ದಾಖಲಾಗುವ ತೊಂದರೆಯನ್ನು ಪರಿಹರಿಸಿದೆ’ ಎಂದಿತ್ತು. ಏನಾಯಿತೆಂದು ಕೇಳುತ್ತಾ ಹೋದಾಗ ಹೊರಬಂದದ್ದು ಹೀಗಿದೆ. 2024ರ ಮಾರ್ಚ್ ಕೊನೆಯಲ್ಲಿ, ವರ್ಷಾಂತ್ಯದ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ, ಸಂಘವೊಂದರಿಂದ ದೂರು ಬಂತು. ಇವರು ಡೇಟಾಬೇಸಿನಲ್ಲಿ ಈ ಕ್ವೆರಿಯನ್ನು ಓಡಿಸಿ ಒಂದೇ ಸಂಖ್ಯೆಯ ಬಿಲ್‌ಗಳನ್ನು ಹುಡುಕಿದರು:

```
SELECT bill_no, COUNT(*) FROM bills
WHERE bill_date = '2024-03-30'
GROUP BY bill_no HAVING COUNT(*) > 1;
```

ಸಿಕ್ಕ ಬಿಲ್‌ಗಳ ಸಮಯವನ್ನು ಲಾಗ್‌ಗೆ ಹೋಲಿಸಿದಾಗ, ಪ್ರತಿಯೊಂದು ಸಲವೂ ನೆಟ್‌ವರ್ಕ್ ಕಡಿದು ಸಾಫ್ಟ್‌ವೇರ್ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದ್ದು ಕಂಡುಬಂತು. ಆದರೆ ಕೋಡಿನಲ್ಲಿ ತಪ್ಪು ಎಲ್ಲಿದೆಯೆಂದು ಗುರುತಿಸಿ ಸರಿಪಡಿಸಿದವರು ಡೆವಲಪರ್. ಹಾಗಾಗಿ ‘ಪರಿಹರಿಸಿದೆ’ ಎಂಬ ಹಳೆಯ ಪದವೇ ಇವರ ಪಾಲಿಗಿಂತ ದೊಡ್ಡದಾಗಿತ್ತು. ‘ರೂಟ್ ಕಾಸ್ ಅನಾಲಿಸಿಸ್ ನಡೆಸಿದೆ’ ಎಂದಿದ್ದರೂ ಪೂರ್ತಿ ನಿಜವಾಗುತ್ತಿರಲಿಲ್ಲ.

ನಂತರ: ಬಿಲ್ ಎರಡು ಸಲ ದಾಖಲಾಗುತ್ತಿದ್ದ ದೋಷದ ರೂಟ್ ಕಾಸ್ ಅನಾಲಿಸಿಸ್‌ಗೆ ಎಸ್‌ಕ್ಯುಎಲ್ ಕ್ವೆರಿ ಮತ್ತು ಲಾಗ್‌ಗಳಿಂದ ಪುರಾವೆ ಸಂಗ್ರಹಿಸಿ, ನೆಟ್‌ವರ್ಕ್ ಕಡಿತದೊಂದಿಗಿನ ಸಂಬಂಧವನ್ನು ತೋರಿಸಿ, ಡೆವಲಪರ್‌ಗೆ ಒಪ್ಪಿಸಿದ್ದೇನೆ.

ನನ್ನ ದೃಷ್ಟಿಯಲ್ಲಿ ಇಡೀ ರೆಸ್ಯೂಮೆಯ ಅತಿ ಬಲವಾದ ಸಾಲು ಇದು. ಜಾಹೀರಾತಿನ ಪದ ಇದರಲ್ಲಿದೆ, ಅದರೊಡನೆ ಇವರು ಹೇಗೆ ಯೋಚಿಸುತ್ತಾರೆಂಬುದೂ ಇದೆ.

‘ಹೊಸಬರಿಗೆ ಸೂಚನೆಗಳನ್ನು ಬರೆದುಕೊಟ್ಟೆ’ ಎಂಬುದು ‘ಪ್ರಿಂಟರ್ ಜೋಡಣೆ, ಬ್ಯಾಕಪ್ ಮತ್ತು ಜಿಎಸ್‌ಟಿ ವರದಿಗಳ ಬಗ್ಗೆ ನಾಲೆಡ್ಜ್ ಬೇಸ್ ಲೇಖನಗಳನ್ನು ಬರೆದಿದ್ದೇನೆ’ ಎಂದಾಯಿತು. ಆ ಬರಹಗಳು ಕಂಪನಿಯ ಫ್ರೆಶ್‌ಡೆಸ್ಕ್‌ನಲ್ಲಿ ಈಗಲೂ ಬಳಕೆಯಲ್ಲಿರುವುದರಿಂದ ಇಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಭಾಷೆಯ ಸಾಲಿನಲ್ಲಿ ‘ಇಂಗ್ಲಿಷ್’ ಎಂದಷ್ಟೇ ಇತ್ತು. ಕಾಸರಗೋಡಿನ ನಮ್ಮವರು ಮೂರು ನಾಲ್ಕು ಭಾಷೆಗಳಲ್ಲಿ ದಿನ ಕಳೆಯುತ್ತಿದ್ದರೂ ಅದೊಂದು ಅರ್ಹತೆಯೆಂದು ಎಣಿಸುವುದೇ ಇಲ್ಲ. ಈ ಹುದ್ದೆಗೆ ಬೇಕಾಗಿದ್ದುದು ಅದೇ.

ನಂತರ: ಕನ್ನಡ, ಇಂಗ್ಲಿಷ್ (ಓದು, ಬರಹ, ಮಾತು), ಮಲಯಾಳ (ಫೋನ್ ಮೂಲಕ ಗ್ರಾಹಕ ಸೇವೆ, ಬರವಣಿಗೆ ಅಲ್ಪ), ತುಳು (ಮಾತು).

ಮಲಯಾಳದ ಆವರಣವನ್ನು ತೆಗೆದುಹಾಕಬಾರದು. ಮಲಯಾಳದಲ್ಲಿ ಇಮೇಲ್ ಬರೆಯಬೇಕಾದ ದಿನ ಬಂದರೆ ಕಷ್ಟಪಡುವವರು ಇವರೇ.

ಅಮೆಜಾನಿನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್ ಬಗ್ಗೆ ಕೆಲಸದ ಅನುಭವವಿಲ್ಲ. ಸ್ವಂತ ಖಾತೆಯಲ್ಲಿ ಇಸಿ2 ಯಂತ್ರವೊಂದನ್ನು ಎಬ್ಬಿಸಿ ಅದರಲ್ಲಿ ವೆಬ್ ಸರ್ವರ್ ಓಡಿಸಿದ್ದಾರೆ. ಅದನ್ನು ಕೌಶಲಗಳ ಪಟ್ಟಿಗೆ ಸೇರಿಸದೆ, ‘ಸ್ವಂತ ಅಭ್ಯಾಸ’ ಎಂಬ ಬೇರೆ ಶೀರ್ಷಿಕೆಯ ಕೆಳಗೆ ಹಾಗೆಯೇ ಬರೆದಿದೆ, ಹೊಂದಿಕೆಯ ಲೆಕ್ಕಕ್ಕೆ ಹಿಡಿದಿಲ್ಲ. ಅದನ್ನು ಬಿಟ್ಟು ಎಣಿಸಿದರೆ, ಎರಡೇ ಹೊಂದುತ್ತಿದ್ದ ರೆಸ್ಯೂಮೆ ಈಗ ಒಂಬತ್ತರಲ್ಲಿ ಏಳಕ್ಕೆ ಹೊಂದುತ್ತದೆ.

ಉಳಿದದ್ದು ಎಸ್‌ಎಲ್‌ಎ, ಅಂದರೆ ಎಷ್ಟು ಸಮಯದೊಳಗೆ ಸೇವೆ ಕೊಡುತ್ತೇವೆಂದು ಗ್ರಾಹಕರಿಗೆ ಬರೆದುಕೊಡುವ ಒಪ್ಪಂದ. ಇವರ ಕಂಪನಿಯಲ್ಲಿ ಗ್ರಾಹಕರೊಂದಿಗೆ ಅಂಥ ಲಿಖಿತ ಒಪ್ಪಂದವಿಲ್ಲದ ಕಾರಣ ಆ ಪದವನ್ನು ರೆಸ್ಯೂಮೆಯಲ್ಲಿ ಬಳಸಿಲ್ಲ, ಅದರ ಬದಲು ಜೊತೆಗಿನ ಪತ್ರದಲ್ಲಿ ಈ ಒಂದು ವಾಕ್ಯವನ್ನು ಸೇರಿಸಿದೆ: ‘ನಮ್ಮಲ್ಲಿ ಲಿಖಿತ ಎಸ್‌ಎಲ್‌ಎ ಇಲ್ಲ, ಆದರೆ ಪ್ರತಿ ಟಿಕೆಟ್‌ಗೂ ಒಂದು ಗಂಟೆಯೊಳಗೆ ಮೊದಲ ಉತ್ತರ ಕೊಡಬೇಕೆಂಬ ಕಚೇರಿಯ ನಿಯಮಕ್ಕೆ ಅನುಸಾರವಾಗಿ ಕೆಲಸ ಮಾಡಿ ಅಭ್ಯಾಸವಿದೆ.’