ಮೂತ್ರ ಕಲ್ಚರ್ ಮತ್ತು ಸೆನ್ಸಿಟಿವಿಟಿ ವರದಿ: ರಾಣಿ

ಕೋಥ್ರೂಡ್, ಪುಣೆ
ರಾಣಿ, ಲ್ಯಾಬ್ರಡಾರ್, ಹೆಣ್ಣು (ಗರ್ಭಕೋಶ ತೆಗೆದಿದೆ), 6 ವರ್ಷ, 31 ಕೆ.ಜಿ.
ಸ್ಯಾಂಪಲ್: 12-06-2025, ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆದದ್ದು
ವರದಿ: 14-06-2025
ಹಿನ್ನೆಲೆ: 8 ತಿಂಗಳಲ್ಲಿ 3ನೇ ಸಲ ಸಿಸ್ಟೈಟಿಸ್. ಹಿಂದಿನ ಎರಡು ಸಲ ಕಲ್ಚರ್ ಇಲ್ಲದೆ ಎನ್ರೋಫ್ಲಾಕ್ಸಸಿನ್.

ಮೈಕ್ರೋಸ್ಕೋಪ್: ಬಿಳಿ ಕಣ 25–30, ಕೆಂಪು ಕಣ 10–12, ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಹರಳಿಲ್ಲ. ಪಿಎಚ್ 6.5.
ಕಲ್ಚರ್: ಇ. ಕೋಲಿ, ಪ್ರತಿ ಮಿ.ಲೀ.ಗೆ 1,00,000ಕ್ಕಿಂತ ಜಾಸ್ತಿ. ಒಂದೇ ಜಾತಿ.

ಸೆನ್ಸಿಟಿವಿಟಿ (ಎಂಐಸಿ)
ಆಂಪಿಸಿಲಿನ್: ≥32, ಕೆಲಸ ಮಾಡದು
ಎನ್ರೋಫ್ಲಾಕ್ಸಸಿನ್: ≥4, ಕೆಲಸ ಮಾಡದು
ಕೊ-ಟ್ರೈಮಾಕ್ಸಜೋಲ್: ≤20, ಕೆಲಸ ಮಾಡುತ್ತದೆ
ನೈಟ್ರೋಫ್ಯುರಾಂಟೋಯಿನ್: ≤16, ಕೆಲಸ ಮಾಡುತ್ತದೆ
ಮೆರೊಪೆನೆಮ್: ವರದಿ ಮಾಡಿಲ್ಲ

ವೈದ್ಯರ ಷರಾ
ಮಾತ್ರೆ ಕೊಡುವವರು ನಿಮ್ಮ ಅಮ್ಮ. ಅವರೂ ಓದಲಿ ಅಂತ ಇದನ್ನು ಕನ್ನಡದಲ್ಲೇ ಬರೆದಿದ್ದೇನೆ.

ಪಟ್ಟಿ ನೋಡಿ, "4 ಚಿಕ್ಕದು, 20 ದೊಡ್ಡದು, ಹಾಗಾದ್ರೆ ಎನ್ರೋಫ್ಲಾಕ್ಸಸಿನ್ನೇ ಒಳ್ಳೇದಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಎಂಐಸಿ ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಔಷಧದ ಅಳತೆ. ಕೆಲಸ ಮಾಡುತ್ತದೋ ಇಲ್ಲವೋ ಅನ್ನಲು ಪ್ರತಿ ಔಷಧಕ್ಕೂ ಬೇರೆ ಗೆರೆ ಇದೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವಂತಿಲ್ಲ. ಮೆರೊಪೆನೆಮ್ ಬೇಕಂತಲೇ ಬಿಟ್ಟಿದ್ದೇವೆ. ಆಸ್ಪತ್ರೆಗಳಲ್ಲಿ ಬೇರೇನೂ ನಾಟದಾಗ ಮನುಷ್ಯರಿಗೆ ಉಳಿಯುವ ಔಷಧ ಅದು. ಉಚ್ಚೆ ಉರಿಗೆ ಅದರ ಕಡೆ ಕೈ ಹಾಕುವುದಿಲ್ಲ.

ರಾಣಿಗೆ ಕೊ-ಟ್ರೈಮಾಕ್ಸಜೋಲ್ 480 ಮಿ.ಗ್ರಾಂ. ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಜೊತೆ, 5 ದಿನ. ಅಷ್ಟೇ ಸಾಕು. "ಇರಲಿ, ಇನ್ನೆರಡು ವಾರ" ಅಂತ ಎಳೆದರೆ ಗೆಲ್ಲುವುದು ಬ್ಯಾಕ್ಟೀರಿಯಾವೇ. ಕಣ್ಣು ಒಣಗಿ ಗೀಜು ಬಂದರೆ, ಕೀಲು ಊದಿದರೆ, ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ನೀವು ಜಿಪ್ ಕವರ್‌ನಲ್ಲಿ ತಂದ ಎನ್ರೋಫ್ಲಾಕ್ಸಸಿನ್ ಸ್ಟ್ರಿಪ್‌ನಲ್ಲಿ 4 ಮಾತ್ರೆ ಉಳಿದಿತ್ತು. ಫೆಬ್ರುವರಿಯಲ್ಲಿ ಉಚ್ಚೆ ಸರಿಯಾದ ಕೂಡಲೇ ನಿಲ್ಲಿಸಿದ್ದೀರಿ, ಈ ಸಲ ಇಲ್ಲಿಗೆ ಬರುವ ಮೊದಲು ಅದರಿಂದಲೇ ಎರಡು ಕೊಟ್ಟಿದ್ದೀರಿ. ಬೈಯುತ್ತಿಲ್ಲ, ನವೆಂಬರ್‌ನಲ್ಲಿ ಕಲ್ಚರ್ ಇಲ್ಲದೆ ಅದನ್ನು ಬರೆದುಕೊಟ್ಟವಳು ನಾನೇ. ಆ ಸ್ಟ್ರಿಪ್ ನನಗೆ ಕೊಡಿ, ಪಕ್ಕದ ಮನೆಯ ನಾಯಿಗಲ್ಲ.

ಇನ್ನು ಮೂಲದ ಮಾತು. ಸ್ಕ್ಯಾನ್‌ನಲ್ಲಿ ಕಲ್ಲಿಲ್ಲ, ಮೂತ್ರಕೋಶದ ಗೋಡೆ ಸ್ವಲ್ಪ ದಪ್ಪಗಿದೆ. ಶುಗರ್ ಸರಿಯಿದೆ. ಆದರೆ ಯೋನಿದ್ವಾರದ ಮೇಲೆ ಚರ್ಮದ ಮಡಿಕೆ ಮುಚ್ಚಿಕೊಂಡಿದೆ. ಬಿಡಿಸಿ ನೋಡಿದೆ: ಒಳಗೆಲ್ಲ ಕೆಂಪು, ಒದ್ದೆ, ವಾಸನೆ. ಪ್ರತಿ ಸಲ ಸೋಂಕು ಅಲ್ಲಿಂದಲೇ ಹತ್ತುತ್ತಿರಬೇಕು ಅಂತ ನನ್ನ ಅನುಮಾನ. ದಿನಕ್ಕೊಮ್ಮೆ ಬೆಚ್ಚಗಿನ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಮೂರು ಕೆ.ಜಿ. ಇಳಿಸಬೇಕು, ಚಪಾತಿ ಚೂರು ಬಂದ್. ಮಡಿಕೆ ಹಾಗೇ ಉಳಿದರೆ ಸರ್ಜರಿ ಯೋಚಿಸೋಣ.

ರಾಣಿ ಆರಾಮಾಗಿದ್ದರೆ ಸುಮ್ನೆ ಕಲ್ಚರ್ ಮಾಡಿಸುವುದು ಬೇಡ. ಲಕ್ಷಣ ಇಲ್ಲದೆ ಬ್ಯಾಕ್ಟೀರಿಯಾ ಸಿಕ್ಕರೂ ಔಷಧ ಕೊಡುವುದಿಲ್ಲ. 48 ಗಂಟೆ ಕಳೆದರೂ ಮುಕ್ಕಿ ಮುಕ್ಕಿ ಹನಿ ಹನಿ ಹೊಯ್ಯುತ್ತಿದ್ದರೆ ಅವತ್ತೇ ಕರೆತನ್ನಿ.

ಪಶುವೈದ್ಯೆ